ಸೊನ್ನೆಯ ಕಪ್ಪು, ಹದಿನಾರರ ಕಪ್ಪು

ಊರಿನ ಗದ್ದೆ ಬಯಲಲ್ಲಿ ರಾತ್ರಿಯಿಡೀ ನಡೆದ ಯಕ್ಷಗಾನವೊಂದನ್ನು ಕ್ಯಾಮೆರಾದಲ್ಲಿ ಸೆರೆಹಿಡಿದು ತಂದಿದ್ದಾರೆ ಎಂದುಕೊಳ್ಳಿ. ರಂಗಸ್ಥಳದ ಹಿಂದೆ ಕಪ್ಪು ಪರದೆ, ಎದುರಿನಿಂದ ಕಣ್ಣು ಕುಕ್ಕುವ ದೀಪ, ವೇಷಧಾರಿಯ ಬೆನ್ನ ಮೇಲೆ ಇಳಿಬಿದ್ದ ಕಪ್ಪು ಕೂದಲು, ಭಾಗವತರ ಬಿಳಿ ಪಂಚೆ. ಎಡಿಟರ್ ಎರಡು ರಾತ್ರಿ ಕೂತು ಬಣ್ಣ ತಿದ್ದಿದ್ದಾರೆ. ಎಡಿಟಿಂಗ್ ತಂತ್ರಾಂಶದ ಕಿಟಕಿಯಲ್ಲಿ ಚಿತ್ರ ಎದ್ದು ಕಾಣುತ್ತಿದೆ. ಎಕ್ಸ್‌ಪೋರ್ಟ್ ಮಾಡಿ, ದೊಡ್ಡ ಫೈಲನ್ನು ಇನ್ನೊಂದು ತಂತ್ರಾಂಶದಲ್ಲಿ ಎಂಪಿ4 ಆಗಿ ಕುಗ್ಗಿಸಿ, ತೆರೆದು ನೋಡಿದರೆ ಪರದೆ ಬೂದಿ ಬಣ್ಣಕ್ಕೆ ತಿರುಗಿದೆ, ವೇಷದ ಕೆಂಪು ಪೇಲವವಾಗಿದೆ, ಇಡೀ ಚಿತ್ರದ ಮೇಲೆ ತೆಳು ಹೊಗೆ ಕವಿದಂತಿದೆ.

ಎಡಿಟರ್ ಹಿಂದಕ್ಕೆ ಹೋಗಿ ಕಾಂಟ್ರಾಸ್ಟ್ ಏರಿಸುತ್ತಾರೆ. ಮತ್ತೆ ಎಕ್ಸ್‌ಪೋರ್ಟ್. ವಿಚಿತ್ರವೆಂದರೆ, ಕೂದಲಿನ ಎಳೆಗಳು ಒಂದಕ್ಕೊಂದು ಅಂಟಿಕೊಂಡವೇ ಹೊರತು ಪರದೆ ಮಾತ್ರ ಬೂದಿಯಾಗಿಯೇ ಉಳಿದಿದೆ. ಇನ್ನಷ್ಟು ಏರಿಸಿದರೂ ಅಷ್ಟೇ. ಕೊನೆಗೆ ಯಾರೋ ಸ್ನೇಹಿತರು ಹೇಳಿದಂತೆ ಎಕ್ಸ್‌ಪೋರ್ಟ್ ಆಯ್ಕೆಗಳಲ್ಲಿ ಲೆವೆಲ್ಸ್ ಎಂಬುದನ್ನು ಫುಲ್‌ಗೆ ಬದಲಿಸುತ್ತಾರೆ. ಈಗ ಅವರ ಲ್ಯಾಪ್‌ಟಾಪಿನಲ್ಲಿ ಕಪ್ಪು ಕಪ್ಪಾಗಿದೆ. ಆದರೆ ಮೇಳದವರು ತಮ್ಮಲ್ಲಿ ತೆರೆದು ನೋಡಿ ಫೋನ್ ಮಾಡುತ್ತಾರೆ: ಕೂದಲು ಒಂದು ಕಪ್ಪು ಮುದ್ದೆ, ಪಂಚೆಯ ಮಡಿಕೆಗಳೇ ಮಾಯ.

ಮದುವೆ ವಿಡಿಯೊ, ಕಿರುಚಿತ್ರ, ಆಟದ ರೆಕಾರ್ಡಿಂಗ್, ಪಾಠದ ವಿಡಿಯೊ, ಯಾವುದೇ ಆದರೂ ಈ ಕಥೆ ಹೀಗೆಯೇ ನಡೆಯುತ್ತದೆ. ತಪ್ಪು ಕ್ಯಾಮೆರಾದ್ದಲ್ಲ, ಬಣ್ಣ ತಿದ್ದಿದವರದ್ದೂ ಅಲ್ಲ. ಕಪ್ಪು ಎಂದರೆ ಯಾವ ಅಂಕಿ ಎಂಬ ವಿಷಯದಲ್ಲಿ ಎರಡು ತಂತ್ರಾಂಶಗಳಿಗೆ ಒಮ್ಮತವಿಲ್ಲ, ಅಷ್ಟೇ. ಆ ಒಮ್ಮತ ಎಲ್ಲಿ ತಪ್ಪಿತು ಎಂದು ಪತ್ತೆ ಮಾಡುವ ಮೊದಲು ಬಣ್ಣಕ್ಕೆ ಕೈ ಹಾಕಿದರೆ, ಸರಿಯಾಗಿದ್ದ ಕೆಲಸವೂ ಕೆಡುತ್ತದೆ.

ಸಾಮಾನ್ಯ 8 ಬಿಟ್ ವಿಡಿಯೊದಲ್ಲಿ ಪ್ರತಿ ಚುಕ್ಕೆಯ ಬೆಳಕನ್ನು 0ಯಿಂದ 255ರವರೆಗಿನ ಒಂದು ಅಂಕಿಯಾಗಿ ಬರೆದಿಡುತ್ತಾರೆ. ಕಂಪ್ಯೂಟರಿನ ಪರದೆಗೆ, ಫೋಟೊಗಳಿಗೆ, ಜೆಪೆಗ್ ಚಿತ್ರಗಳಿಗೆ ಲೆಕ್ಕ ಸರಳ: 0 ಎಂದರೆ ಕಡುಕಪ್ಪು, 255 ಎಂದರೆ ಅಚ್ಚ ಬಿಳಿ. ಇದು ಫುಲ್ ರೇಂಜ್. ವಿಡಿಯೊದ ಲೆಕ್ಕ ಬೇರೆ. ಅಲ್ಲಿ ಕಪ್ಪು ಇರುವುದು 16ರಲ್ಲಿ, ಬಿಳಿ ಇರುವುದು 235ರಲ್ಲಿ. ಇದು ಲಿಮಿಟೆಡ್ ರೇಂಜ್. ಟಿವಿ ರೇಂಜ್, ವಿಡಿಯೊ ಲೆವೆಲ್ಸ್ ಎಂದೂ ಕರೆಯುತ್ತಾರೆ. 10 ಬಿಟ್ ವಿಡಿಯೊದಲ್ಲಿ ಇದೇ ಮಿತಿಗಳು 64 ಮತ್ತು 940 ಆಗುತ್ತವೆ.

ಇರುವ ಜಾಗವನ್ನೆಲ್ಲ ಬಳಸದೆ ಎರಡೂ ತುದಿಗಳಲ್ಲಿ ಬಿಟ್ಟಿದ್ದೇಕೆ? ಉತ್ತರ 1982ರಲ್ಲಿದೆ. ಆಗ ಟಿವಿ ಸ್ಟುಡಿಯೊಗಳು ಅನಲಾಗ್‌ನಿಂದ ಡಿಜಿಟಲ್‌ಗೆ ಕಾಲಿಡುತ್ತಿದ್ದವು. ಅಮೆರಿಕ, ಜಪಾನ್‌ಗಳಲ್ಲಿ 525 ಗೆರೆಗಳ ಚಿತ್ರ, ಯುರೋಪಿನ ಬಹುಭಾಗದಲ್ಲೂ ನಮ್ಮ ದೂರದರ್ಶನದಲ್ಲೂ 625 ಗೆರೆಗಳ ಚಿತ್ರ. ಎರಡಕ್ಕೂ ಹೊಂದುವ ಒಂದೇ ಡಿಜಿಟಲ್ ಮಾನಕವನ್ನು ಅಂತರರಾಷ್ಟ್ರೀಯ ಸಮಿತಿ ಸಿಸಿಐಆರ್ ಆ ವರ್ಷ ಒಪ್ಪಿಕೊಂಡಿತು. ಅದರ ಹೆಸರು ಶಿಫಾರಸು 601. ಕಪ್ಪಿಗೆ 16, ಬಿಳಿಗೆ 235 ಎಂಬ ಲೆಕ್ಕ ನೆಲೆಯೂರಿದ್ದು ಈ ಮಾನಕದಿಂದ.

ಆ ಎಂಜಿನಿಯರುಗಳ ಮುಂದಿದ್ದ ಸಮಸ್ಯೆ ನಿಜವಾದದ್ದು. ಅನಲಾಗ್ ಸಂಕೇತ ಶಿಸ್ತಾಗಿ ಕಪ್ಪು ಬಿಳಿಗಳ ನಡುವೆಯೇ ನಿಲ್ಲುವುದಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಂದರೆ ಸಂಕೇತ ಒಮ್ಮೆಗೇ ಮೇಲಕ್ಕೆ ಜಿಗಿಯುತ್ತದೆ, ಫಿಲ್ಟರುಗಳ ಮೂಲಕ ಹಾಯುವಾಗ ಗುರಿಯನ್ನು ದಾಟಿ ಸ್ವಲ್ಪ ಮೇಲೆ ಹೋಗಿ ಮತ್ತೆ ಇಳಿಯುತ್ತದೆ. ಬಿಳಿಯನ್ನು 255ರಲ್ಲೇ ಇಟ್ಟಿದ್ದರೆ ಆ ಮೇಲ್ಜಿಗಿತಕ್ಕೆ ಜಾಗವಿಲ್ಲದೆ ತುದಿ ಕತ್ತರಿಸಿ ಹೋಗುತ್ತಿತ್ತು, ಅಂಚುಗಳು ಒರಟಾಗುತ್ತಿದ್ದವು. ಹಾಗಾಗಿ ಕೆಳಗೂ ಮೇಲೂ ಒಂದಿಷ್ಟು ಜಾಗ ಬಿಟ್ಟರು. ಅದರ ಜೊತೆಗೆ 0 ಮತ್ತು 255 ಎಂಬ ಎರಡು ಅಂಕಿಗಳನ್ನು ಚಿತ್ರಕ್ಕೆ ಕೊಡದೆ, ಪ್ರತಿ ಗೆರೆ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ತಿಳಿಸುವ ಗುರುತುಗಳಿಗಾಗಿ ಕಾಯ್ದಿರಿಸಿದರು. ಇಂದು ನಮ್ಮ ಫೋನಿನಲ್ಲಿ ಅನಲಾಗ್ ಸಂಕೇತವೇ ಇಲ್ಲ. ಆದರೂ ಡಿವಿಡಿ, ಡಿಟಿಎಚ್, ಬ್ಲೂರೇ, ಯೂಟ್ಯೂಬ್ ಎಲ್ಲವೂ ಅದೇ ಲೆಕ್ಕವನ್ನು ಪಾಲಿಸುತ್ತ ಬಂದಿವೆ. ಇದನ್ನು ಹಳೆಯ ಕಾಲದ ಕೊಳೆ ಎಂದು ತಳ್ಳಿಹಾಕುವವರಿದ್ದಾರೆ. ಆದರೆ ಕೋಟ್ಯಂತರ ಉಪಕರಣಗಳು ಒಂದು ಲೆಕ್ಕಕ್ಕೆ ಒಗ್ಗಿರುವಾಗ ಆ ಲೆಕ್ಕವೇ ಎಲ್ಲಕ್ಕಿಂತ ಸುರಕ್ಷಿತ.

ಪರದೆ ಮಾತ್ರ ಕಂಪ್ಯೂಟರಿನದು, ಅದಕ್ಕೆ 0ಯೇ ಕಪ್ಪು. ಆದ್ದರಿಂದ ಪ್ಲೇಯರ್ ಪ್ರತಿ ಕ್ಷಣವೂ ಒಂದು ಗುಣಾಕಾರ ಮಾಡುತ್ತಿರುತ್ತದೆ: ಬಂದ ಅಂಕಿಯಿಂದ 16 ಕಳೆದು, 255/219ರಿಂದ, ಅಂದರೆ ಸುಮಾರು 1.16ರಿಂದ ಗುಣಿಸುತ್ತದೆ. 16 ಹೋಗಿ 0 ಆಗುತ್ತದೆ, 235 ಹೋಗಿ 255 ಆಗುತ್ತದೆ. ಇದು ನಡೆಯುತ್ತಿದೆ ಎಂಬುದೇ ನಮಗೆ ಗೊತ್ತಾಗುವುದಿಲ್ಲ.

ಗೊತ್ತಾಗುವುದು ಅದು ತಪ್ಪಿದಾಗ. ಫೈಲಿನಲ್ಲಿರುವುದು ಲಿಮಿಟೆಡ್, ಪ್ಲೇಯರ್ ಅದನ್ನು ಫುಲ್ ಎಂದು ನಂಬಿತು ಎನ್ನಿ. ಆಗ ಗುಣಾಕಾರವೇ ನಡೆಯುವುದಿಲ್ಲ. ಯಕ್ಷಗಾನದ ಪರದೆ 16ರಲ್ಲೇ ಉಳಿದು ಬೂದಿಯಾಗಿ ಕಾಣುತ್ತದೆ, ಪಂಚೆ 235ರಲ್ಲೇ ನಿಲ್ಲುತ್ತದೆ. ಅಂಕಿಗಳಲ್ಲಿ ಸಣ್ಣದಾಗಿ ತೋರುವ ಈ ವ್ಯತ್ಯಾಸ ಬೆಳಕಿನಲ್ಲಿ ಸಣ್ಣದಲ್ಲ. 2.2 ಗಾಮಾ ಇರುವ ಸಾಮಾನ್ಯ ಮಾನಿಟರಿನಲ್ಲಿ ಬಿಳಿ ತನ್ನ ಬೆಳಕಿನ ಸುಮಾರು ಆರನೇ ಒಂದು ಪಾಲನ್ನು ಕಳೆದುಕೊಳ್ಳುತ್ತದೆ. ಮಾನಿಟರ್ ಎಷ್ಟೇ ಒಳ್ಳೆಯದಿದ್ದರೂ ಚಿತ್ರದ ಬಿಳಿ ಅದರ ಕಪ್ಪಿಗಿಂತ ಸುಮಾರು 370 ಪಟ್ಟು ಮಾತ್ರ ಪ್ರಕಾಶಮಾನವಾಗಿರುತ್ತದೆ. ಬಣ್ಣದ ಅಂಕಿಗಳಿಗೂ ಇಂಥದೇ ಮಿತಿ ಇದೆ, ಅವು 16ರಿಂದ 240ರವರೆಗೆ. ಅವೂ ಹಿಗ್ಗದೆ ಉಳಿಯುವುದರಿಂದ ಬಣ್ಣದ ಗಾಢತೆ ನೂರಕ್ಕೆ ಹನ್ನೆರಡರಷ್ಟು ಇಳಿಯುತ್ತದೆ. ವೇಷದ ಕೆಂಪು ಪೇಲವವಾದದ್ದು ಹೀಗೆ.

ಕಾಂಟ್ರಾಸ್ಟ್ ಏರಿಸಿದರೂ ಪರದೆ ಕಪ್ಪಾಗದಿದ್ದುದಕ್ಕೂ ಕಾರಣ ಇಲ್ಲಿದೆ. ಎಡಿಟರ್ ತಮ್ಮ ತಂತ್ರಾಂಶದಲ್ಲಿ ಪರದೆಯನ್ನು ಎಷ್ಟೇ ಕೆಳಗೆ ತಳ್ಳಿದರೂ ಅಲ್ಲಿನ ಅತಿ ಕೆಳಗಿನ ಕಪ್ಪು, ಲಿಮಿಟೆಡ್ ಆಗಿ ಎಕ್ಸ್‌ಪೋರ್ಟ್ ಆಗುವಾಗ 16 ಎಂದೇ ಬರೆಯಲ್ಪಡುತ್ತದೆ. ನೆಲವೇ 16. ಅದರ ಮೇಲಿದ್ದ ಕೂದಲಿನ ಎಳೆಗಳು ನೆಲಕ್ಕೆ ಒತ್ತಿಹೋದವು, ನೆಲ ಮಾತ್ರ ಇಳಿಯಲಿಲ್ಲ. ಎಷ್ಟು ತಿದ್ದಿದರೂ ಕಪ್ಪು ಒಂದೇ ಕಡೆ ನಿಂತುಬಿಟ್ಟರೆ, ಅದು ಲೆವೆಲ್ಸ್ ತಪ್ಪು ಎಂಬುದಕ್ಕೆ ಗಟ್ಟಿ ಸೂಚನೆ.

ಈಗ ಉಲ್ಟಾ ಸ್ಥಿತಿ. ಫೈಲಿನಲ್ಲಿರುವುದು ಫುಲ್, ಪ್ಲೇಯರ್ ಅದನ್ನು ಲಿಮಿಟೆಡ್ ಎಂದು ಓದುತ್ತದೆ. ಬೇಡದ ಗುಣಾಕಾರ ನಡೆಯುತ್ತದೆ. ಕೂದಲಿನ ಒಂದು ಎಳೆ 6, ಪಕ್ಕದ್ದು 14 ಆಗಿತ್ತು ಎನ್ನಿ. ಎರಡರಿಂದಲೂ 16 ಕಳೆದರೆ ಸೊನ್ನೆಗಿಂತ ಕೆಳಗೆ, ಹಾಗಾಗಿ ಎರಡೂ 0. ಪಂಚೆಯ ಒಂದು ಮಡಿಕೆ 240, ಇನ್ನೊಂದು 250, ಎರಡೂ 255. ಮಧ್ಯದ ಛಾಯೆಗಳು ಅಷ್ಟಾಗಿ ಕೆಡುವುದಿಲ್ಲ, 128 ಇದ್ದದ್ದು 130 ಆಗುತ್ತದೆ. ಅದಕ್ಕೇ ಮುಖ ನೋಡಿದರೆ ಚಿತ್ರ ಚೆನ್ನಾಗಿಯೇ ಇದೆ ಅನ್ನಿಸುತ್ತದೆ, ಕೆಲವರಿಗೆ ಮೊದಲಿಗಿಂತ ಖಡಕ್ಕಾಗಿದೆ ಎಂದೂ ಅನ್ನಿಸಬಹುದು. ಕತ್ತಲಿನಲ್ಲಿ ಮತ್ತು ಬೆಳಕಿನ ತುದಿಯಲ್ಲಿ ಏನಿತ್ತು ಎಂದು ಗೊತ್ತಿದ್ದವರಿಗೆ ಮಾತ್ರ ನಷ್ಟ ಕಾಣುತ್ತದೆ. ರಾತ್ರಿಯ ಆಟವನ್ನು ಚಿತ್ರಿಸಿದವರಿಗೆ ಕತ್ತಲಿನಲ್ಲಿರುವುದೇ ಅರ್ಧ ಚಿತ್ರ. ಈ ನಷ್ಟವನ್ನು ಹಗುರವಾಗಿ ನೋಡಲು ಬರುವುದಿಲ್ಲ.

ಹಾಗಿದ್ದರೆ ಫೈಲಿನೊಳಗೆ ಯಾವ ಲೆಕ್ಕವಿದೆ ಎಂದು ಪ್ಲೇಯರಿಗೆ ಗೊತ್ತಾಗುವುದು ಹೇಗೆ? ಅಂಕಿಗಳನ್ನು ನೋಡಿ ಅದು ಊಹಿಸುವುದಿಲ್ಲ, ಫೈಲಿಗೆ ಅಂಟಿಸಿದ ಒಂದು ಗುರುತನ್ನು ನಂಬುತ್ತದೆ. ಅಡುಗೆಮನೆಯ ಡಬ್ಬಿಗೆ ಅಂಟಿಸಿದ ಚೀಟಿಯ ಹಾಗೆ ಇದು. ಒಳಗೆ ಉಪ್ಪಿದ್ದು ಚೀಟಿಯಲ್ಲಿ ಸಕ್ಕರೆ ಎಂದಿದ್ದರೆ ಚೀಟಿ ಓದಿದವರು ತಪ್ಪುವುದು ಖಂಡಿತ. ಎಚ್.264 ವಿಡಿಯೊದಲ್ಲಿ ಈ ಗುರುತಿನ ಹೆಸರು video_full_range_flag. ಅದು 1 ಆಗಿದ್ದರೆ ಫುಲ್, 0 ಆಗಿದ್ದರೆ ಲಿಮಿಟೆಡ್. ಗುರುತೇ ಇಲ್ಲದಿದ್ದರೆ ಲಿಮಿಟೆಡ್ ಎಂದೇ ತಿಳಿಯಬೇಕು ಎಂದು ಮಾನಕ ಸ್ಪಷ್ಟವಾಗಿ ಹೇಳುತ್ತದೆ.

ಗುರುತು ಕೆಡುವ ದಾರಿಗಳು ಹಲವು. ಯಕ್ಷಗಾನದ ಉದಾಹರಣೆಯಲ್ಲಿ ಮೊದಲ ಎಂಪಿ4 ಕೆಟ್ಟದ್ದು ನಡುವಿನ ತಂತ್ರಾಂಶದಿಂದ: ಎಡಿಟಿಂಗ್‌ನಿಂದ ಬಂದ ಅಂಕಿಗಳು ಲಿಮಿಟೆಡ್ ಆಗಿದ್ದವು, ಕುಗ್ಗಿಸುವಾಗ ಅಂಟಿದ ಗುರುತು ಫುಲ್ ಎಂದಿತು. ಎರಡನೆಯ ಫೈಲಿನಲ್ಲಿ ಅಂಕಿಗಳೂ ಫುಲ್, ಗುರುತೂ ಫುಲ್. ನ್ಯಾಯವಾಗಿ ಅದು ಸರಿಯಾದ ಫೈಲೇ. ಆದರೆ ಮೇಳದವರು ನೋಡಿದ ಪ್ಲೇಯರ್ ಗುರುತನ್ನು ಓದುವ ಗೋಜಿಗೇ ಹೋಗದೆ, ವಿಡಿಯೊ ಎಂದರೆ ಲಿಮಿಟೆಡ್ ಎಂದು ಹಿಗ್ಗಿಸಿಬಿಟ್ಟಿತು. ಇಂಥ ಪ್ಲೇಯರುಗಳೂ ಆ್ಯಪ್‌ಗಳೂ ಇವೆ. ಅದಕ್ಕೇ ಜನರಿಗೆ ತಲುಪಿಸುವ ಪ್ರತಿಯನ್ನು ಲಿಮಿಟೆಡ್‌ನಲ್ಲೇ ಕೊಡುವುದು ಒಳ್ಳೆಯದು: ಗುರುತು ಕಳೆದುಹೋದರೂ, ಓದುವವರು ಅಲಕ್ಷ್ಯ ಮಾಡಿದರೂ ಚಿತ್ರ ಸರಿಯಾಗಿಯೇ ಕಾಣುತ್ತದೆ.

ಮೂಲದಲ್ಲೇ ಗೊಂದಲ ಹುಟ್ಟುವುದೂ ಉಂಟು. ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಸಿನಿಮಾ ಮಾಡುವ ಅಲೆ ಎಬ್ಬಿಸಿದ ಕ್ಯಾನನ್ 5ಡಿ ಮಾರ್ಕ್ 2, ಫೋಟೊ ಕ್ಯಾಮೆರಾದ ಅಭ್ಯಾಸದಂತೆ ಫುಲ್ ರೇಂಜಿನಲ್ಲೇ ವಿಡಿಯೊ ಬರೆಯುತ್ತಿತ್ತು. ಪ್ಯಾನಸಾನಿಕ್ ಜಿಎಚ್4ರಲ್ಲಿ 0-255, 16-235, 16-255 ಎಂಬ ಮೂರು ಆಯ್ಕೆಗಳನ್ನೇ ಕೊಟ್ಟಿದ್ದರು. ಡಾವಿಂಚಿ ರಿಸಾಲ್ವ್ ತಂತ್ರಾಂಶದಲ್ಲಿ ಕ್ಲಿಪ್ ಒಳಗೆ ಬರುವಾಗ Clip Attributes ಎಂಬಲ್ಲಿ, ಹೊರಗೆ ಹೋಗುವಾಗ Deliver ಪುಟದ Advanced Settings ಎಂಬಲ್ಲಿ, ಹೀಗೆ ಎರಡು ಕಡೆ Data Levels ಆಯ್ಕೆ ಇದೆ. ಎರಡರಲ್ಲೂ Auto, Video, Full ಎಂಬ ಮೂರು ಬಗೆ. Auto ಬಹುಪಾಲು ಸರಿಯಾಗಿಯೇ ನಡೆಯುತ್ತದೆ. ಒಳಗೊಂದು, ಹೊರಗೊಂದು ಕಡೆ ಕೈಯಿಂದ ಬದಲಿಸಿದಾಗ ಹೆಚ್ಚಿನ ಅನಾಹುತಗಳು ಆಗುತ್ತವೆ. ಅದರಲ್ಲೂ ಪ್ರೊರೆಸ್ ಫೈಲನ್ನು ಫುಲ್ ಆಗಿ ತೆಗೆದರೆ ಕಷ್ಟ ಹೆಚ್ಚು, ಏಕೆಂದರೆ ಆ ಬಗೆಯ ಫೈಲಿನ ಫ್ರೇಮುಗಳಲ್ಲಿ ರೇಂಜ್ ಯಾವುದೆಂದು ಬರೆಯಲು ಜಾಗವೇ ಇಲ್ಲ. ಮುಂದಿನವರು ಅದನ್ನು ಲಿಮಿಟೆಡ್ ಎಂದೇ ಓದುತ್ತಾರೆ. ಪರದೆ ರೆಕಾರ್ಡ್ ಮಾಡುವ ಒಬಿಎಸ್‌ನಲ್ಲಿ Settings ಒಳಗಿನ Advanced ಭಾಗದಲ್ಲಿ Color Range ಇದೆ. ಹೆಸರು ನೋಡಿ, ಫುಲ್ ಎಂದರೆ ಹೆಚ್ಚು ಗುಣಮಟ್ಟ ಇರಬೇಕು ಎಂದು ಅದನ್ನು ಆರಿಸಿಕೊಳ್ಳುವವರು ಬಹಳ. ಸಿಗುವ ಲಾಭ 220 ಮೆಟ್ಟಿಲುಗಳ ಬದಲು 256 ಮೆಟ್ಟಿಲುಗಳು. ಕಣ್ಣಿಗೆ ಅದು ಕಾಣುವುದು ಅಪರೂಪ. ಕಳೆದುಕೊಳ್ಳುವ ಅಪಾಯ ಅದಕ್ಕಿಂತ ಬಹಳ ದೊಡ್ಡದು.

ಇನ್ನು ಪತ್ತೆ ಕೆಲಸ. ಮೊದಲು ಕಣ್ಣಿಗೆ ಒಂದು ಪ್ರಶ್ನೆ: ಕಡುಕಪ್ಪು ಇರಬೇಕಾದ ಜಾಗ ಕಪ್ಪಾಗಿದೆಯೇ? ಕಪ್ಪೂ ಬಿಳಿಯೂ ತಂತಮ್ಮ ಜಾಗದಲ್ಲೇ ಇದ್ದು, ನಡುವಿನ ಛಾಯೆಗಳು ಮಾತ್ರ ತಿಳಿಯಾಗಿವೆ ಎಂದರೆ ಅದು ಲೆವೆಲ್ಸ್ ತಪ್ಪಲ್ಲ, ಗಾಮಾ ವ್ಯತ್ಯಾಸ. ಮ್ಯಾಕ್‌ನ ಕ್ವಿಕ್‌ಟೈಮ್ ಪ್ಲೇಯರಿನಲ್ಲಿ ಚಿತ್ರ ಪೇಲವ ಎಂಬ ದೂರುಗಳಲ್ಲಿ ಬಹಳಷ್ಟು ಈ ಜಾತಿಯವು. ಅದರ ಮದ್ದು ಬೇರೆ, ಇಲ್ಲಿ ಹೇಳುತ್ತಿರುವುದನ್ನು ಅಲ್ಲಿ ಬಳಸಿದರೆ ರೋಗ ಹೆಚ್ಚುತ್ತದೆ.

ಕಪ್ಪೇ ಕಪ್ಪಾಗಿಲ್ಲ ಎಂದಾದರೆ ಚಿತ್ರದ ಮೇಲೆ ಕೆಳಗೆ ಬರುವ ಕಪ್ಪು ಪಟ್ಟಿಗಳು ಬಹಳ ಉಪಕಾರಿ. ಪಟ್ಟಿಗಳಿಲ್ಲದಿದ್ದರೆ ಟೈಮ್‌ಲೈನಿನ ತುದಿಯಲ್ಲಿ ಒಂದು ಸೆಕೆಂಡು ಖಾಲಿ ಕಪ್ಪು, ಒಂದು ಸೆಕೆಂಡು ಅಚ್ಚ ಬಿಳಿ ಸೇರಿಸಿ ಪರೀಕ್ಷೆಗೆಂದೇ ಎಕ್ಸ್‌ಪೋರ್ಟ್ ಮಾಡಬಹುದು. ಅವು ಯಾವ ಅಂಕಿಯಾಗಿ ಬರೆಯಲ್ಪಟ್ಟಿವೆ ಎಂಬುದರಲ್ಲೇ ಉತ್ತರವಿದೆ. ಉಚಿತವಾಗಿ ಸಿಗುವ ಎಫ್‌ಎಫ್‌ಎಂಪೆಗ್ ಇದ್ದರೆ ಎರಡು ಆದೇಶ ಸಾಕು. ಮೊದಲನೆಯದು ಗುರುತನ್ನು ಓದುತ್ತದೆ, ಎರಡನೆಯದು ಅಂಕಿಗಳನ್ನು.

```
ffprobe -v error -select_streams v:0 -show_entries stream=pix_fmt,color_range -of default=nw=1 ata.mp4
ffmpeg -i ata.mp4 -vf signalstats,metadata=print:file=- -f null -
```

ಮೊದಲನೆಯದರ ಉತ್ತರದಲ್ಲಿ color_range=tv ಎಂದು ಬಂದರೆ ಗುರುತು ಲಿಮಿಟೆಡ್, pc ಎಂದರೆ ಫುಲ್, unknown ಎಂದರೆ ಗುರುತಿಲ್ಲ. ಎರಡನೆಯದು ಪ್ರತಿ ಫ್ರೇಮಿಗೂ ಹಲವು ಸಾಲು ಅಂಕಿಗಳನ್ನು ಸುರಿಯುತ್ತದೆ, ಅವುಗಳಲ್ಲಿ YLOW ಮತ್ತು YHIGH ನೋಡಿದರೆ ಸಾಕು. YMIN ಎಂಬ ಅತಿ ಕನಿಷ್ಠ ಅಂಕಿಯನ್ನು ನಂಬಬಾರದು. ವಿಡಿಯೊ ಕುಗ್ಗಿಸುವಾಗ ಅಂಚುಗಳ ಸುತ್ತ ಹುಟ್ಟುವ ಅಲೆಗಳಿಂದಾಗಿ, ಸರಿಯಾದ ಲಿಮಿಟೆಡ್ ಫೈಲಿನಲ್ಲೂ ಒಂದೆರಡು ಚುಕ್ಕೆಗಳು 16ಕ್ಕಿಂತ ಕೆಳಗೆ ಇಳಿದಿರುತ್ತವೆ. ಮೇಲ್ತುದಿಯಲ್ಲೂ ಎಚ್ಚರ ಬೇಕು. ಸೋನಿಯ ಹಲವು ಕ್ಯಾಮೆರಾಗಳು ಲಿಮಿಟೆಡ್ ಲೆಕ್ಕದಲ್ಲೇ 235ರ ಮೇಲಿನ ಜಾಗವನ್ನೂ ಬಳಸುತ್ತವೆ. ಮೂಲ ಕ್ಲಿಪ್ಪಿನಲ್ಲಿ 250 ಕಂಡಾಕ್ಷಣ ಫುಲ್ ಎಂದು ತೀರ್ಮಾನಿಸುವಂತಿಲ್ಲ. ಕಪ್ಪಿನ ತುದಿಯೇ ಹೆಚ್ಚು ನಂಬಿಕಸ್ಥ.

ಖಾಲಿ ಕಪ್ಪು ಫ್ರೇಮಿನಲ್ಲಿ YLOW 16 ಎಂದೂ ಗುರುತು tv ಎಂದೂ ಬಂದರೆ ಫೈಲ್ ಆರೋಗ್ಯವಾಗಿದೆ. 16 ಇದ್ದು ಗುರುತು pc ಎಂದಿದ್ದರೆ, ಯಕ್ಷಗಾನದ ಮೊದಲ ಫೈಲಿನ ಹಾಗೆ, ಬೂದಿ. 0 ಇದ್ದು ಗುರುತು tv ಅಥವಾ unknown ಎಂದಿದ್ದರೆ ಕಪ್ಪು ಮುದ್ದೆ. ಇವಲ್ಲದೆ ಕೆಲವೊಮ್ಮೆ ಕಪ್ಪು 30ರಲ್ಲೂ ಬಿಳಿ 218ರಲ್ಲೂ ಸಿಗುತ್ತದೆ. ಆಗ ಲಿಮಿಟೆಡ್ ಆಗಿದ್ದ ಅಂಕಿಗಳನ್ನು ಯಾವುದೋ ತಂತ್ರಾಂಶ ಫುಲ್ ಎಂದುಕೊಂಡು ಇನ್ನೊಮ್ಮೆ ಕುಗ್ಗಿಸಿದೆ ಎಂದರ್ಥ. ಇಲ್ಲಿ ಗುರುತು ಬದಲಿಸಿ ಪ್ರಯೋಜನವಿಲ್ಲ, ಅಂಕಿಗಳೇ ಕೆಟ್ಟಿವೆ.

ಗುರುತು ಮಾತ್ರ ತಪ್ಪಿದ್ದರೆ ದುರಸ್ತಿ ಸುಲಭ. ಚಿತ್ರವನ್ನು ಮತ್ತೆ ಎನ್‌ಕೋಡ್ ಮಾಡದೆ, ಗುಣಮಟ್ಟ ಒಂದಿಷ್ಟೂ ಕಳೆಯದೆ, ಗುರುತನ್ನಷ್ಟೇ ತಿದ್ದಬಹುದು. ಯಕ್ಷಗಾನದ ಮೊದಲ ಫೈಲಿಗೆ ಬೇಕಾದದ್ದು ಇಷ್ಟೇ:

```
ffmpeg -i ata.mp4 -c copy -bsf:v h264_metadata=video_full_range_flag=0 sari.mp4
```

ಇದು ಎಚ್.264 ಫೈಲಿಗೆ. ತಿದ್ದಿದ ಮೇಲೆ ffprobe ಆದೇಶವನ್ನು ಇನ್ನೊಮ್ಮೆ ಓಡಿಸಬೇಕು, ಏಕೆಂದರೆ ಎಂಪಿ4ರಲ್ಲಿ ವಿಡಿಯೊದೊಳಗೆ ಒಂದು ಗುರುತು, ಹೊರಗಿನ ಹೊದಿಕೆಯಲ್ಲಿ ಇನ್ನೊಂದು ಗುರುತು ಇರಬಹುದು. ಎರಡೂ ಬೇರೆ ಬೇರೆ ಹೇಳಿದರೆ ಒಂದು ಪ್ಲೇಯರ್ ಒಂದನ್ನು, ಮತ್ತೊಂದು ಪ್ಲೇಯರ್ ಇನ್ನೊಂದನ್ನು ನಂಬುತ್ತದೆ. ಒಂದೇ ಫೈಲ್ ಒಂದೇ ಕಂಪ್ಯೂಟರಿನ ಎರಡು ಪ್ಲೇಯರುಗಳಲ್ಲಿ ಎರಡು ಬಗೆಯಾಗಿ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಎರಡನೆಯ ಫೈಲಿಗೆ, ಅಂದರೆ ಅಂಕಿಗಳೂ ಗುರುತೂ ಫುಲ್ ಆಗಿರುವುದಕ್ಕೆ, ಅಂಕಿಗಳನ್ನೇ ಲಿಮಿಟೆಡ್‌ಗೆ ಇಳಿಸಬೇಕು. ಎಡಿಟಿಂಗ್ ಕಡತ ಕೈಯಲ್ಲಿದ್ದರೆ ಏರಿಸಿದ ಕಾಂಟ್ರಾಸ್ಟನ್ನು ತೆಗೆದು, ಲೆವೆಲ್ಸ್ ಅನ್ನು Video ಅಥವಾ Auto ಎಂದಿಟ್ಟು ಹೊಸದಾಗಿ ಎಕ್ಸ್‌ಪೋರ್ಟ್ ಮಾಡುವುದೇ ಉತ್ತಮ. ಅದಿಲ್ಲದಿದ್ದರೆ ಹೀಗೆ:

```
ffmpeg -i full.mp4 -vf scale=in_range=full:out_range=limited -pix_fmt yuv420p -color_range tv -c:v libx264 -crf 18 -c:a copy limited.mp4
```

ಎಲ್ಲ ಹಾನಿಯೂ ಹೀಗೆ ವಾಪಸ್ಸು ಬರುವುದಿಲ್ಲ. ನೋಡುವಾಗ ಮಾತ್ರ ಕಪ್ಪು ಮುದ್ದೆಯಾಗಿದ್ದರೆ ಫೈಲಿನೊಳಗೆ 6 ಮತ್ತು 14 ಇನ್ನೂ ಬೇರೆ ಬೇರೆಯಾಗಿಯೇ ಇವೆ, ಕೂದಲಿನ ಎಳೆಗಳು ಮರಳಿ ಬರುತ್ತವೆ. ಆದರೆ ಹಾಗೆ ತಪ್ಪಾಗಿ ಓದಿದ ಚಿತ್ರವನ್ನೇ ಮತ್ತೊಮ್ಮೆ ಎಕ್ಸ್‌ಪೋರ್ಟ್ ಮಾಡಿದ್ದರೆ ಎರಡೂ ಸೊನ್ನೆಯಾಗಿ ಅಚ್ಚಾಗಿರುತ್ತವೆ. ಆಗ ಮೂಲ ಕ್ಲಿಪ್ ಹುಡುಕುವುದೊಂದೇ ದಾರಿ. ಎರಡು ಸಲ ಕುಗ್ಗಿದ ಚಿತ್ರವನ್ನು ಎಳೆದು ಸರಿಮಾಡಬಹುದು. ಆದರೆ ಇದ್ದ ಮೆಟ್ಟಿಲುಗಳು ಕಡಿಮೆಯಾಗಿರುವುದರಿಂದ ಸಂಜೆಯ ಆಕಾಶ, ಮಬ್ಬು ಗೋಡೆಗಳಂಥ ನಯವಾದ ಜಾಗಗಳಲ್ಲಿ ಪಟ್ಟೆ ಪಟ್ಟೆಯಾಗಿ ಬಣ್ಣ ಒಡೆಯುತ್ತದೆ.

ಫೈಲ್ ಎಲ್ಲ ಕಡೆ ಚೆನ್ನಾಗಿ ಕಂಡು, ಲ್ಯಾಪ್‌ಟಾಪಿಗೆ ಎಚ್‌ಡಿಎಂಐ ಕೇಬಲ್ ಹಾಕಿ ಸಭಾಭವನದ ದೊಡ್ಡ ಟಿವಿಯಲ್ಲಿ ತೋರಿಸುವಾಗ ಮಾತ್ರ ಕೆಡುತ್ತಿದ್ದರೆ ಫೈಲನ್ನು ಮುಟ್ಟುವ ಅಗತ್ಯವಿಲ್ಲ. ಅಲ್ಲಿ ಇದೇ ಜಗಳ ಕೇಬಲಿನ ಎರಡು ತುದಿಗಳ ನಡುವೆ ನಡೆಯುತ್ತಿದೆ: ಲ್ಯಾಪ್‌ಟಾಪ್ ಒಂದು ರೇಂಜಿನಲ್ಲಿ ಕಳಿಸುತ್ತಿದೆ, ಟಿವಿ ಇನ್ನೊಂದರಲ್ಲಿ ಓದುತ್ತಿದೆ. ಗುರುತು ಹಿಡಿಯುವುದು ಸುಲಭ. ವಿಡಿಯೊ ಮಾತ್ರವಲ್ಲ, ಡೆಸ್ಕ್‌ಟಾಪ್, ಐಕಾನುಗಳು, ಫೋಟೊಗಳು ಎಲ್ಲವೂ ಒಂದೇ ರೀತಿ ಬೂದಿ ಅಥವಾ ಕಪ್ಪು ಮುದ್ದೆಯಾಗಿರುತ್ತವೆ. ಎನ್ವಿಡಿಯಾ ಗ್ರಾಫಿಕ್ಸ್ ಇದ್ದರೆ ಅದರ ನಿಯಂತ್ರಣ ಫಲಕದಲ್ಲಿ Output dynamic range ಎಂಬುದರಲ್ಲಿ Full, Limited ಆಯ್ಕೆ ಸಿಗುತ್ತದೆ. ಟಿವಿಯ ಚಿತ್ರ ಸೆಟ್ಟಿಂಗಿನಲ್ಲಿ ಎಲ್‌ಜಿಯವರು ಇದಕ್ಕೆ Black Level ಎಂಬ ಹೆಸರಿಟ್ಟು, Low ಎಂದರೆ ಲಿಮಿಟೆಡ್, High ಎಂದರೆ ಫುಲ್ ಎಂದು ಇಟ್ಟಿದ್ದಾರೆ. ಎರಡೂ ತುದಿಗಳನ್ನು ಒಂದೇ ರೇಂಜಿಗೆ ತಂದರೆ ಟಿವಿಯಲ್ಲೂ ಪರದೆ ಕಪ್ಪಾಗಿ, ಪಂಚೆ ಮಡಿಕೆಗಳ ಸಮೇತ ಕಾಣುತ್ತದೆ.